ಓದಿ ಅರ್ಥ ಮಾಡಿಕೊಂಡಿದ್ದೇನೆ

ನಮ್ಮ ಮುಂದೆ ಒಂದು ಹಾಳೆ ಇದೆ. ಹಾಳೆಯ ತುಂಬ ಹೆಸರುಗಳು, ಹೆಸರಿನ ಮುಂದೆ ಸಹಿಗಳು, ಸಹಿ ಬಾರದವರ ಹೆಬ್ಬೆಟ್ಟುಗಳು. ಹೆಬ್ಬೆಟ್ಟುಗಳೇ ಹೆಚ್ಚು. ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾದ ವಾಕ್ಯ: ‘ಈ ಕೈಪಿಡಿಯನ್ನು ಓದಿ ಅರ್ಥ ಮಾಡಿಕೊಂಡಿದ್ದೇನೆ.’ ಆ ವಾಕ್ಯವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವರು ನಾವು. ಅಕ್ಷರವೇ ಗೊತ್ತಿಲ್ಲದ ಒಬ್ಬ ತಾಯಿ ‘ಓದಿದ್ದೇನೆ’ ಎಂಬ ಮಾತಿನ ಕೆಳಗೆ ಹೆಬ್ಬೆಟ್ಟು ಒತ್ತಿದ್ದಾಳೆ. ಸುಳ್ಳು ಅವಳದಲ್ಲ, ಬರೆಸಿಕೊಂಡವರದು. ಆದರೆ ಅದನ್ನು ತಪ್ಪಿಲ್ಲದ ಕನ್ನಡದಲ್ಲಿ ಬರೆದುಕೊಟ್ಟ ಕೈ ನಮ್ಮದು. ಈ ಲೇಖನ ಆ ಕೈಯ ವಿಚಾರಣೆ.

ನಾವು ಮೂವರು ಗೆಳೆಯರು. ಮೂವರೂ ನಮ್ಮ ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಕಂಡವರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರಿನ ನಡುವೆ ಎಲ್ಲೋ ಇರುವ ಒಂದು ಹತ್ತಿ ಮಿಲ್ಲಿನ ಮ್ಯಾನೇಜರು ನಮ್ಮನ್ನು ಕರೆಸಿಕೊಂಡ. ಮಿಲ್ಲಿನ ಹೆಸರು ಇಲ್ಲಿ ಬೇಡ. ಹತ್ತಿ ಬಿಡಿಸಿ, ಅರಳೆ ತೆಗೆದು, ಬೇಲು ಕಟ್ಟುವ ಮಿಲ್ಲು. ದುಡಿಯುವವರು ಈ ಐದೂ ಕಡೆಯಿಂದ ಬಂದವರು. ಹೊಸದಾಗಿ ಬೆಂಕಿ ಆರಿಸುವ ಸಿಲಿಂಡರುಗಳನ್ನೂ ಎಚ್ಚರಿಕೆ ಗಂಟೆಯ ಪ್ಯಾನೆಲ್ಲನ್ನೂ ಹಾಕಿಸಿದ್ದರು. ಅವುಗಳ ಜೊತೆ ಬಂದ ಹನ್ನೆರಡು ಪುಟದ ಇಂಗ್ಲಿಷ್ ಕೈಪಿಡಿಯನ್ನು ನಮ್ಮ ಮುಂದೆ ಇಟ್ಟು, ‘ಏನ್ರಪ್ಪಾ ಕವಿಗಳೆ, ಇದನ್ನ ಕನ್ನಡ ಮಾಡಿಕೊಡ್ರಿ, ಗ್ವಾಡಿಗೆ ಹಚ್ಚಬೇಕು, ಸೋಮವಾರ ತಪಾಸಣೆ ಐತಿ’ ಅಂದ. ನಾವು ಎರಡು ರಾತ್ರಿ ಕೂತು, ಒಂದು ನಿಘಂಟು ಇಟ್ಟುಕೊಂಡು ಮುಗಿಸಿಬಿಟ್ಟೆವು. ಸಿಲಿಂಡರನ್ನು ಮುಟ್ಟಿ ನೋಡಲಿಲ್ಲ. ಪ್ಯಾನೆಲ್ಲಿನ ಮುಂದೆ ನಿಲ್ಲಲಿಲ್ಲ. ಮಿಲ್ಲಿನ ಒಳಗೆ ಕಾಲಿಡಲೂ ಇಲ್ಲ.

ನಮ್ಮ ಮೊದಲ ಪ್ರತಿ ಹೇಗಿತ್ತು ಅಂದರೆ, ತಲೆಬರಹವೇ ‘ಅಗ್ನಿಶಾಮಕಗಳ ವಿಧಗಳು ಮತ್ತು ಅಗ್ನಿ ಸಂಜ್ಞಾ ಫಲಕದ ಮಾರ್ಗದರ್ಶಿ’. ಓದಿದರೆ ಬಾಯಿ ತುಂಬುತ್ತದೆ. ಆದರೆ ನಮ್ಮ ಕಡೆ ಅಗ್ನಿಶಾಮಕ ಅಂದರೆ ಕೆಂಪು ಗಾಡಿ, ಅದರ ಇಲಾಖೆ. ಗೋಡೆಗೆ ತೂಗುಹಾಕಿದ ಸಿಲಿಂಡರಲ್ಲ. ‘ಅಗ್ನಿಶಾಮಕವನ್ನು ತಕ್ಷಣ ಬಳಸಿರಿ’ ಅಂತ ನಾವು ಬರೆದದ್ದನ್ನು ಓದಿಸಿಕೊಂಡ ಒಬ್ಬ ಹಮಾಲ ಆಮೇಲೆ ನಮಗೇ ಹೇಳಿದ: ‘ಫೋನ್ ಮಾಡಿ ಗಾಡಿ ಕರೀರಿ ಅಂತ ಬರದೀರಿ ಅಂದ್ಕಂಡೆ.’ ಅವನು ಅಂದುಕೊಂಡದ್ದರಲ್ಲಿ ಏನೂ ತಪ್ಪಿರಲಿಲ್ಲ.

ಇನ್ನೊಂದು ಕಡೆ ಸರಳವಾಗಿ ಬರೆಯಲು ಹೋಗಿ ಬಿದ್ದೆವು. ‘ಸರಿಯಾದ ಸಾಧನವನ್ನು ಆರಿಸಿ’ ಅಂತ ಬರೆದಿದ್ದೆವು. ಕನ್ನಡದಲ್ಲಿ ಆರಿಸು ಅಂದರೆ ಆಯ್ದುಕೋ ಅಂತಲೂ ಆಗುತ್ತದೆ, ನಂದಿಸು ಅಂತಲೂ ಆಗುತ್ತದೆ, ಬಟ್ಟೆ ಒಣಗಿಸು ಅಂತಲೂ ಆಗುತ್ತದೆ. ಬೆಂಕಿಯ ಪುಸ್ತಕದಲ್ಲಿ ಈ ಮೂರೂ ಅರ್ಥದ ಪದವನ್ನು ಒಂದೇ ಪುಟದಲ್ಲಿ ಬಳಸಿದರೆ ಓದುವವನು ಯಾವುದನ್ನು ಹಿಡಿಯಬೇಕು? ಕವಿತೆಯಲ್ಲಾದರೆ ಇದನ್ನೇ ಶ್ಲೇಷೆ ಅಂತ ಹೇಳಿ ಬೆನ್ನು ತಟ್ಟಿಸಿಕೊಳ್ಳುತ್ತಿದ್ದೆವು.

ವಾರ್ಡನ್ ಎಂಬ ಪದವಂತೂ ನಮ್ಮನ್ನು ನಮ್ಮ ಹಾಸ್ಟೆಲ್ಲಿಗೇ ಎಳೆದುಕೊಂಡು ಹೋಯಿತು. ನಮ್ಮಂಥವರಿಗೆ ವಾರ್ಡನ್ ಅಂದರೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿನಲ್ಲಿ ಹಾಜರಿ ಹಿಡಿಯುವವನು, ಅಕ್ಕಿ ಮೂಟೆಯ ಬೀಗದ ಕೈ ಇಟ್ಟುಕೊಂಡವನು. ಬೆಂಕಿ ಬಿದ್ದಾಗ ಜನರನ್ನು ಹೊರಗೆ ಕರೆದೊಯ್ದು ತಲೆ ಎಣಿಸುವವನನ್ನು ಆ ಹೆಸರಿನಿಂದ ಕರೆದರೆ ನಮ್ಮವರು ಅವನ ಹತ್ತಿರ ಹೋಗುವುದಿಲ್ಲ, ಅವನಿಂದ ತಪ್ಪಿಸಿಕೊಳ್ಳುತ್ತಾರೆ. ಕಾವಲುಗಾರ ಅಂದರೆ ಗೇಟಿನ ಮುದುಕ. ಕೊನೆಗೆ ‘ಮುಂದಾಳು’ ಅಂತ ಇಟ್ಟೆವು. ಆದರೆ ಅದು ಎರಡನೆಯ ಪ್ರತಿಯಲ್ಲಿ, ಆಗಬಾರದ್ದು ಆದ ಮೇಲೆ.

ಆದದ್ದು ಹೀಗೆ. ಮೊದಲ ಪ್ರತಿ ಗೋಡೆಗೆ ಹತ್ತಿ ಮೂರು ವಾರ ಆಗಿತ್ತು. ಸಂಜೆ ನಾಲ್ಕರ ಸುಮಾರಿಗೆ ಜಿನ್ನಿನ ಹತ್ತಿರ ಬಿದ್ದಿದ್ದ ಅರಳೆಯ ಗುಡ್ಡೆಗೆ ಕಿಡಿ ಹತ್ತಿತು. ಹತ್ತಿ ಮಿಲ್ಲಿನಲ್ಲಿ ಇದು ಅಪರೂಪವಲ್ಲ. ಹೊಲದಿಂದ ಬಂದ ಹತ್ತಿಯೊಳಗೆ ಒಂದು ಬೆಣಚುಕಲ್ಲೋ ಮುರಿದ ಮೊಳೆಯೋ ಇದ್ದರೆ ಸಾಕು, ಅದು ಯಂತ್ರದ ಕಬ್ಬಿಣಕ್ಕೆ ಬಡಿದು ಕಿಡಿ ಹಾರುತ್ತದೆ. ಮುಂದಾಳಾಗಿದ್ದ ಮುಕ್ಕಾದಮ ಓಡಿಬಂದ. ನಮ್ಮ ಕನ್ನಡದ ಹಾಳೆಯನ್ನು ನಿಜವಾಗಿ ಓದಿದ್ದ ಕೆಲವೇ ಜನರಲ್ಲಿ ಅವನೂ ಒಬ್ಬ. ಅದರಲ್ಲಿ ಒಂದು ಕೋಷ್ಟಕವಿತ್ತು. ಕಟ್ಟಿಗೆ, ಕಾಗದ, ಬಟ್ಟೆ, ಹತ್ತಿಯ ಸಾಲಿನಲ್ಲಿ ನೀರಿನ ಸಿಲಿಂಡರಿಗೂ ಒಂದು ಸರಿ ಗುರುತು, ಪುಡಿಯ ಸಿಲಿಂಡರಿಗೂ ಒಂದು ಸರಿ ಗುರುತು. ಹತ್ತಿರದಲ್ಲಿ ಆರು ಕಿಲೋದ ಪುಡಿ ಸಿಲಿಂಡರಿತ್ತು. ಪಿನ್ನು ಕಿತ್ತು ಹಿಡಿಕೆ ಒತ್ತಿದ. ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ಸಿಲಿಂಡರು ಖಾಲಿಯಾಯಿತು. ಉರಿ ಹೋಯಿತು. ಗುಡ್ಡೆಯ ಮೇಲೆ ಹಿಟ್ಟು ಚೆಲ್ಲಿದಂತೆ ಹಳದಿ ಪುಡಿ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಆ ಅರಳೆಯನ್ನು ಹಾಗೇ ಬಾಚಿ ಗೋದಾಮಿನ ಮೂಲೆಗೆ ತಳ್ಳಿ ಮತ್ತೆ ಯಂತ್ರ ಹೂಡಿದರು.

ಹತ್ತಿಯ ಬೆಂಕಿಯ ಗುಣವನ್ನು ಇಲ್ಲಿ ಬಿಡಿಸಿ ಹೇಳಬೇಕು. ಎಣ್ಣೆಯ ಬೆಂಕಿ ಮೇಲ್ಮೈಯಲ್ಲಿ ಇರುತ್ತದೆ. ಮೇಲೆ ಮುಚ್ಚಿದರೆ, ಉರಿಯ ಸರಪಳಿ ಕಡಿದರೆ, ಸತ್ತುಹೋಗುತ್ತದೆ. ಹತ್ತಿಯ ಬೆಂಕಿ ಹಾಗಲ್ಲ, ಅದು ಒಳಗೆ ಇಳಿಯುತ್ತದೆ. ಹತ್ತಿಯ ಎಳೆಗಳ ನಡುವೆ ಗಾಳಿ ಇರುತ್ತದೆ. ಉರಿ ಕಾಣದೆ, ಹೊಗೆಯೂ ಹೆಚ್ಚು ಕಾಣದೆ, ಒಳಗೊಳಗೇ ಕೆಂಡ ತಿನ್ನುತ್ತಾ ಹೋಗುತ್ತದೆ. ತಿಪ್ಪೆಗೆ ಬೂದಿ ಸುರಿದಾಗ ಮೂರು ದಿನ ಕಳೆದು ಹೊಗೆ ಏಳುವುದನ್ನು ನಾವೆಲ್ಲ ನೋಡಿಯೇ ಬೆಳೆದವರು. ಪುಡಿ ಮೇಲಿನ ಉರಿಯನ್ನು ಹೊಡೆಯುತ್ತದೆ. ಎ, ಬಿ, ಸಿ ಅಂತ ಬರೆದ ಪುಡಿಯಾದರೆ ಕರಗಿ ಒಂದು ಪೊರೆಯನ್ನೂ ಕಟ್ಟುತ್ತದೆ. ಆದರೆ ಗುಡ್ಡೆಯ ಒಳಕ್ಕೆ ಇಳಿಯುವುದಿಲ್ಲ, ಕೆಂಡವನ್ನು ತಣ್ಣಗೆ ಮಾಡುವುದಿಲ್ಲ. ಇಂಗಾಲದ ಡೈಆಕ್ಸೈಡಿನದ್ದು ಇನ್ನೂ ಕಷ್ಟ. ಅನಿಲ ಹರಡಿಹೋದ ಮರುಗಳಿಗೆಯೇ ಕೆಂಡಕ್ಕೆ ಮತ್ತೆ ಗಾಳಿ ಸಿಗುತ್ತದೆ. ಎರಡರ ರಭಸಕ್ಕೂ ಹತ್ತಿ ಹಗುರಾದ್ದರಿಂದ ಹೊತ್ತಿದ ಎಳೆಗಳೇ ಹಾರಿ ಪಕ್ಕದ ಗುಡ್ಡೆಗೆ ಬೀಳಬಹುದು. ಹತ್ತಿಗೆ ಬೇಕಾದದ್ದು ನೀರು. ಒಂಬತ್ತು ಲೀಟರಿನ ನೀರಿನ ಸಿಲಿಂಡರು ಇಪ್ಪತ್ತು ಅಡಿ ದೂರದಿಂದ ಚಿಮ್ಮುತ್ತದೆ, ಸುಮಾರು ಒಂದು ನಿಮಿಷ ಬರುತ್ತದೆ. ಅದಾದ ಮೇಲೆಯೂ ಗುಡ್ಡೆಯನ್ನು ಬಯಲಿಗೆ ಎಳೆದು, ಕೊಕ್ಕೆಯಿಂದ ಬಿಡಿಸಿ, ಪದರಪದರವಾಗಿ ನೆನೆಸಿ, ಒಂದು ರಾತ್ರಿಯಾದರೂ ಕಾವಲು ಇರಬೇಕು. ಬೇಲಿಗೆ ಹತ್ತಿದ್ದರೆ ದಿನಗಟ್ಟಲೆ ಕಾಯಬೇಕು. ಒತ್ತಿ ಕಟ್ಟಿದ ಬೇಲಿನೊಳಗೆ ನೀರೂ ಸುಲಭವಾಗಿ ಇಳಿಯುವುದಿಲ್ಲ.

ಇಷ್ಟೆಲ್ಲ ಆ ಎರಡು ಸರಿ ಗುರುತಿನಲ್ಲಿ ಇರಲಿಲ್ಲ. ಗುರುತು ಸುಳ್ಳೂ ಅಲ್ಲ. ಸಣ್ಣ ಕಾಗದದ ಬೆಂಕಿಗೆ, ಕಟ್ಟಿಗೆಯ ಹೊರಗಿನ ಉರಿಗೆ ಆ ಪುಡಿ ನಡೆಯುತ್ತದೆ. ಇಂಗ್ಲಿಷಿನವರು ಎಲ್ಲ ಕಾರ್ಖಾನೆಗೂ ಒಂದೇ ಪುಸ್ತಕ ಬರೆದಿದ್ದರು. ನಾವು ಅದನ್ನೇ ಹತ್ತಿ ಮಿಲ್ಲಿಗೆ ಇಳಿಸಿದೆವು. ಮೂಲಕ್ಕೆ ನಿಷ್ಠೆ ಅಂದರೆ ಇದೇನಾ? ಮೂಲದಲ್ಲಿ ಇಲ್ಲದ್ದನ್ನು ಸೇರಿಸುವುದು ಅನುವಾದಕನಿಗೆ ಪಾಪ ಅಂತ ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಆ ಪಾಠ ಹೇಳಿದವರು ಕಾವ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದರು. ಹತ್ತಿ ಗೋದಾಮಿನ ಹಿಂದೆ ಮಲಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ಅನುವಾದದ ಪಾಠ ಮಾಡಿಲ್ಲ.

ಆ ರಾತ್ರಿ ಗೋದಾಮಿನ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಮೂರು ಕುಟುಂಬ ಮಲಗಿದ್ದವು. ಗೋದಾಮಿನ ಚಾವಣಿಯಲ್ಲಿ ಹೊಗೆ ಪತ್ತೆ ಹಚ್ಚುವ ಡಿಟೆಕ್ಟರು ಇತ್ತು, ಅದು ಕೂಗಲಿಲ್ಲ. ಹತ್ತೂವರೆಗೆ ಒಬ್ಬ ಮುದುಕಿಗೆ ಎಚ್ಚರವಾಯಿತು. ‘ಹತ್ತಿ ಸುಟ್ಟ ವಾಸ್ನಿ ಬಂತು ತಮ್ಮಾ, ನನ್ ಮೂಗು ಸುಳ್ಳು ಹೇಳಂಗಿಲ್ಲ’ ಅಂದಳು ಆಮೇಲೆ ನಮ್ಮ ಮುಂದೆ. ಅವಳೇ ಎಲ್ಲರನ್ನೂ ಎಬ್ಬಿಸಿದಳು. ಜನ ಉಳಿದರು. ಮೂಲೆಯ ಬೇಲುಗಳನ್ನು ಹೊರಗೆಳೆಯಲು ಹೋದ ಒಬ್ಬ ಹಮಾಲನ ಎರಡೂ ಅಂಗೈ ಸುಟ್ಟವು. ಹೆಬ್ಬೆಟ್ಟಿನ ಹಾಳೆ ನಮ್ಮ ಕೈಗೆ ಬಂದದ್ದು ಅವನ ಮಗನಿಂದ.

ಡಿಟೆಕ್ಟರು ಯಾಕೆ ಕೂಗಲಿಲ್ಲ? ಈ ಪ್ರಶ್ನೆ ನಮ್ಮನ್ನು ಪ್ಯಾನೆಲ್ಲಿನ ಮುಂದೆ ನಿಲ್ಲಿಸಿತು. ಆಗಲೇ ನಾವು ಮೊದಲ ಸಲ ಅದನ್ನು ಕಣ್ಣಾರೆ ಕಂಡದ್ದು. ಗೋಡೆಗೆ ಹಾಕಿದ ಒಂದು ತಗಡಿನ ಪೆಟ್ಟಿಗೆ. ಮಿಲ್ಲನ್ನು ನಾಲ್ಕು ಭಾಗ ಮಾಡಿ ಭಾಗಕ್ಕೊಂದು ಕೆಂಪು ದೀಪ, ಒಂದು ಹಳದಿ ದೀಪ. ಕೆಳಗೆ ಗುಂಡಿಗಳು. ಕೆಂಪು ಅಂದರೆ ಬೆಂಕಿ. ಹಳದಿ ಅಂದರೆ ಆ ಭಾಗದ ಮೇಲೆ ಪ್ಯಾನೆಲ್ಲಿಗೆ ಕಣ್ಣಿಲ್ಲ. ತಂತಿಯಲ್ಲಿ ಯಾವಾಗಲೂ ಒಂದು ಸಣ್ಣ ಕರೆಂಟು ಹರಿಯುತ್ತಿರುತ್ತದೆ. ಇಲಿ ಕಡಿದೋ, ಡಿಟೆಕ್ಟರನ್ನು ಯಾರೋ ಕಳಚಿಯೋ ಆ ಹರಿವು ತಪ್ಪಿದರೆ ಹಳದಿ ಹತ್ತುತ್ತದೆ. ಅದನ್ನು ಇಂಗ್ಲಿಷಿನಲ್ಲಿ ಫಾಲ್ಟ್ ಅನ್ನುತ್ತಾರೆ. ನಾವು ‘ದೋಷ’ ಅಂತ ಬರೆದಿದ್ದೆವು. ರಾತ್ರಿ ಪಾಳಿಯ ಕಾವಲಿನವನು ಹಳದಿ ದೀಪವನ್ನು ಒಂದು ವಾರದಿಂದ ನೋಡುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ‘ದೋಷ ಅಂತ ಬರದಿತ್ತಲ್ರಿ. ನಾನೇನಾರ ತಪ್ ಮಾಡೀನೇನೋ, ಹೇಳಿದ್ರೆ ನನ್ ಮ್ಯಾಲೆ ಬರ್ತೈತಿ ಅಂತ ಸುಮ್ಕಿದ್ದೆ’ ಅಂದ. ಹುಟ್ಟಿದಾಗಿನಿಂದ ದೋಷವನ್ನು ತಲೆಯ ಮೇಲೆ ಹೊತ್ತ ಜನಕ್ಕೆ ದೋಷ ಅಂದರೆ ಕೇಳಿಸುವುದು ‘ಯಾರ ತಪ್ಪು’ ಎಂಬ ಮಾತೇ ಹೊರತು ‘ಯಾವ ತಂತಿ’ ಎಂಬ ಮಾತಲ್ಲ. ಎರಡನೆಯ ಪ್ರತಿಯಲ್ಲಿ ಹೀಗೆ ಬರೆದೆವು: ‘ಹಳದಿ ದೀಪ: ಈ ಭಾಗಕ್ಕೆ ಗಂಟೆ ಕೆಲಸ ಮಾಡುತ್ತಿಲ್ಲ. ಯಾರು ನೋಡಿದರೂ ಕೂಡಲೇ ಹೇಳಿ. ಹೇಳಿದವರ ತಪ್ಪಲ್ಲ.’ ಕೊನೆಯ ವಾಕ್ಯ ಮೂಲದಲ್ಲಿ ಇಲ್ಲ.

ಆ ಗೋದಾಮಿನ ತಂತಿಯನ್ನು ಇಲಿ ಕಡಿದಿರಲಿಲ್ಲ. ಅದನ್ನು ಬೇಕೆಂದೇ ಐಸೊಲೇಟ್ ಮಾಡಿ ಇಟ್ಟಿದ್ದರು. ಕಾರಣ ಇತ್ತು. ಹೊಗೆಯ ಡಿಟೆಕ್ಟರಿನ ಒಳಗೆ ಒಂದು ಸಣ್ಣ ಕತ್ತಲೆ ಕೋಣೆ, ಅದರಲ್ಲಿ ಒಂದು ಬೆಳಕು. ಹೊಗೆ ಹೊಕ್ಕರೆ ಬೆಳಕು ಚೆದುರಿ ಅಡ್ಡಕ್ಕಿರುವ ಕಣ್ಣಿಗೆ ಬೀಳುತ್ತದೆ, ಗಂಟೆ ಬಡಿಯುತ್ತದೆ. ಹತ್ತಿಯ ಧೂಳು ಹೊಕ್ಕರೂ ಬೆಳಕು ಹಾಗೇ ಚೆದುರುತ್ತದೆ. ಜಿನ್ನು ತಿರುಗುವ ಕಡೆ, ಅದರ ಧೂಳು ಹರಿದು ಬರುವ ಗೋದಾಮಿನ ಕಡೆ, ದಿನಕ್ಕೆ ನಾಲ್ಕು ಸಲ ಸುಳ್ಳು ಗಂಟೆ. ಅಲ್ಲಿ ಬೇಕಾದದ್ದು ಶಾಖ ಹಿಡಿಯುವ ಡಿಟೆಕ್ಟರು, ಇಲ್ಲವೆ ಪದೇಪದೇ ಧೂಳು ಒರೆಸುವ ಏರ್ಪಾಡು. ಎರಡಕ್ಕೂ ಖರ್ಚು. ಗುಂಡಿ ಒತ್ತುವುದು ಪುಗಸಟ್ಟೆ. ನಾವು ಐಸೊಲೇಟ್‌ಗೆ ‘ಪ್ರತ್ಯೇಕಿಸಿ’ ಅಂತ ಬರೆದಿದ್ದೆವು. ಏನನ್ನು ಯಾವುದರಿಂದ ಪ್ರತ್ಯೇಕಿಸುವುದು? ಮುಕ್ಕಾದಮ ಅಂದುಕೊಂಡದ್ದು, ಗುಂಡಿ ಒತ್ತಿದರೆ ಬೆಂಕಿಯನ್ನು ಬೇರೆ ಕಡೆ ಹರಡದಂತೆ ಪ್ರತ್ಯೇಕಿಸುತ್ತದೆ ಅಂತ. ಈಗ ಬರೆದದ್ದು: ‘ಈ ಗುಂಡಿ ಒತ್ತಿದರೆ ಆ ಭಾಗ ಕುರುಡು. ಒತ್ತಿದವರ ಹೆಸರು, ಹೊತ್ತು ಬರೆದಿಡಿ. ಮತ್ತೆ ಚಾಲೂ ಮಾಡುವವರೆಗೆ ಅಲ್ಲಿ ಒಬ್ಬ ಮನುಷ್ಯ ಸುತ್ತು ಹಾಕುತ್ತಿರಬೇಕು.’

ಪಕ್ಕದ ಎರಡು ಗುಂಡಿಗಳು ಸೈಲೆನ್ಸ್ ಮತ್ತು ರಿಸೆಟ್. ನಾವು ಒಂದಕ್ಕೆ ‘ಮೌನ’, ಇನ್ನೊಂದಕ್ಕೆ ‘ಮರುಹೊಂದಿಸಿ’ ಅಂತ ಬರೆದಿದ್ದೆವು. ಮಿಲ್ಲಿನವರ ಬಾಯಲ್ಲಿ ಎರಡೂ ‘ಬಂದ್ ಮಾಡೋ ಗುಂಡಿ’. ಆದರೆ ಸೈಲೆನ್ಸ್ ಒತ್ತಿದರೆ ನಿಲ್ಲುವುದು ಸದ್ದು ಮಾತ್ರ. ಕೆಂಪು ದೀಪ ಹಾಗೇ ಇರುತ್ತದೆ, ಬೆಂಕಿ ಎಲ್ಲಿ ಅಂತ ತೋರಿಸುತ್ತಲೇ ಇರುತ್ತದೆ. ರಿಸೆಟ್ ಒತ್ತಿದರೆ ದೀಪವೂ ಹೋಗುತ್ತದೆ. ಎಲ್ಲಿ ಶುರುವಾಯಿತು ಎಂಬ ಗುರುತೂ ಅದರೊಂದಿಗೆ ಹೋಗುತ್ತದೆ. ಆದ್ದರಿಂದ ಮೊದಲು ಕೆಂಪು ದೀಪದ ಭಾಗಕ್ಕೆ ಹೋಗಿ ಕಣ್ಣಿಂದ ನೋಡಬೇಕು. ಜನ ಹೊರಗೆ ಬಂದು ತಲೆ ಎಣಿಕೆ ಮುಗಿಯುವ ತನಕ ಸದ್ದು ನಿಲ್ಲಿಸಬಾರದು. ರಿಸೆಟ್ ಕಟ್ಟಕಡೆಗೆ. ಒತ್ತಿದ ಮೇಲೂ ಪ್ಯಾನೆಲ್ಲು ಮತ್ತೆ ಕೂಗಿದರೆ ಯಂತ್ರ ಕೆಟ್ಟಿದೆ ಅಂತ ಬೈಯಬಾರದು. ಅಲ್ಲಿ ಇನ್ನೂ ಹೊಗೆ ಇರಬಹುದು, ಅಥವಾ ಯಾರೋ ಒತ್ತಿದ ಗಾಜಿನ ಕೆಂಪು ಪೆಟ್ಟಿಗೆ ಒತ್ತಿದಂತೆಯೇ ಉಳಿದಿರಬಹುದು.

ಸದ್ದು ನಿಲ್ಲಿಸುವ ಗುಂಡಿ ಸಣ್ಣ ವಿಷಯ ಅನ್ನಿಸಿದರೆ ಭೋಪಾಲವನ್ನು ನೆನೆಯಬೇಕು. ಆ ಕಾರ್ಖಾನೆಯಲ್ಲಿ ಒಳಗಿನವರಿಗೆ ಒಂದು ಸೈರನ್, ಹೊರಗಿನ ಬಸ್ತಿಗೆ ಒಂದು ಸೈರನ್ ಇದ್ದವು. 1982ರಲ್ಲಿ ಅವೆರಡನ್ನೂ ಬೇರೆ ಮಾಡಿದರು, ಸಣ್ಣ ಸೋರಿಕೆಗೆಲ್ಲ ಸುತ್ತಲಿನ ಜನ ಗಾಬರಿಯಾಗಬಾರದು ಅಂತ. 1984ರ ಡಿಸೆಂಬರ್ 2ರ ನಡುರಾತ್ರಿ ಕಳೆದು ವಿಷಾನಿಲ ಹೊರಟಾಗ ಬಸ್ತಿಯ ಸೈರನ್ ಸ್ವಲ್ಪ ಹೊತ್ತು ಕೂಗಿತು, ಕೂಡಲೇ ಅದನ್ನು ನಿಲ್ಲಿಸಿದರು. ಒಳಗಿನದು ಉಳಿಯಿತು. ಅಲ್ಲಿ ಗುಂಡಿ ಒತ್ತಿದ ಬೆರಳು ಕ್ರೂರಿಯದೇ ಆಗಬೇಕಿರಲಿಲ್ಲ, ನಿಯಮವೇ ಹಾಗಿತ್ತು. ‘ಗಾಬರಿ ಬೇಡ’ ಎಂಬ ಮಾತು ಯಾರ ಅನುಕೂಲಕ್ಕೆ ಹುಟ್ಟುತ್ತದೆ ಅಂತ ಕೇಳಬೇಕು. ನಮ್ಮ ಕೈಪಿಡಿಯಲ್ಲೂ ‘ಗಾಬರಿಯಾಗದಿರಿ’ ಅಂತ ಐದು ಕಡೆ ಇತ್ತು, ‘ಓಡಿಹೋಗಿ’ ಅಂತ ಒಂದು ಕಡೆಯೂ ಇರಲಿಲ್ಲ.

ಅಕ್ಷರಗಳ ಗೊಂದಲ ಒಂದು ಉಳಿಯಿತು, ಅದನ್ನೂ ಹೇಳಿಬಿಡುತ್ತೇವೆ. ಕೈಪಿಡಿಯ ನಾಲ್ಕನೆಯ ಪುಟದಲ್ಲಿ ‘ಸಿ ವರ್ಗ’ ಅಂದರೆ ಕರೆಂಟಿನ ಬೆಂಕಿ, ಏಳನೆಯ ಪುಟದಲ್ಲಿ ‘ಸಿ ವರ್ಗ’ ಅಂದರೆ ಅನಿಲದ ಬೆಂಕಿ. ಮೊದಲ ಸಲ ನಮಗೆ ಇದು ಕಣ್ಣಿಗೇ ಬೀಳಲಿಲ್ಲ. ಆಮೇಲೆ ತಿಳಿಯಿತು: ಅಮೆರಿಕದ ಲೆಕ್ಕದಲ್ಲಿ ಸಿ ಅಂದರೆ ಕರೆಂಟು ಹರಿಯುತ್ತಿರುವ ಯಂತ್ರ. ಭಾರತದ ಲೆಕ್ಕದಲ್ಲಿ ಸಿ ಅಂದರೆ ಅನಿಲ, ಕರೆಂಟಿಗೆ ಅಕ್ಷರವೇ ಇಲ್ಲ. ಯಾರೋ ಎರಡು ದೇಶದ ಪುಸ್ತಕ ಕತ್ತರಿಸಿ ಒಂದು ಮಾಡಿದ್ದರು. ನಮ್ಮ ಮಿಲ್ಲಿನ ಕ್ಯಾಂಟೀನಿನಲ್ಲಿ ಅಡಿಗೆ ಅನಿಲದ ಸಿಲಿಂಡರು ಇದೆ. ಅನಿಲದ ಉರಿಯನ್ನು ವಾಲ್ವು ಮುಚ್ಚದೆ ಬರೀ ಪುಡಿ ಹೊಡೆದು ನಂದಿಸಿದರೆ ಅನಿಲ ಸೋರುತ್ತಲೇ ಇರುತ್ತದೆ, ಕೋಣೆ ತುಂಬಿದ ಮೇಲೆ ಒಂದು ಕಿಡಿ ಸಾಕು. ಕರೆಂಟಿನ ಬೆಂಕಿಗೆ ಮಾಡಬೇಕಾದ ಮೊದಲ ಕೆಲಸ ಮೇನ್ ಇಳಿಸುವುದು. ಮೇನ್ ಇಳಿಯುವ ಮುಂಚೆ ನೀರು ಹಾಕಿದರೆ ನೀರಿನ ಮೂಲಕ ಕರೆಂಟು ಹಾಕಿದವನಿಗೇ ಬರಬಹುದು. ಎರಡೂ ಬೇರೆ ಬೇರೆ ಸಾವು, ಅಕ್ಷರ ಒಂದೇ. ಎ, ಬಿ, ಸಿ ಬದಲು ಅ, ಬ, ಕ ಅಂತ ಮಾಡೋಣ ಅಂತ ನಮ್ಮಲ್ಲೊಬ್ಬ ಕನ್ನಡದ ಅಭಿಮಾನದಿಂದ ಹೇಳಿದ. ಬೇಡ ಅಂದೆವು. ಸಿಲಿಂಡರಿನ ಮೈಮೇಲೆ ಇಂಗ್ಲಿಷ್ ಅಕ್ಷರವೇ ಅಚ್ಚಾಗಿದೆ. ಓದು ಬಾರದವರು ಅಕ್ಷರವನ್ನು ಆಕಾರದಿಂದ ಹಿಡಿಯುತ್ತಾರೆ. ಒಬ್ಬ ಅಕ್ಕ ಆಗಲೇ ಹೆಸರಿಟ್ಟುಬಿಟ್ಟಿದ್ದಳು: ಗುಡಿಸಲಿನಂಥದ್ದು, ಎರಡು ಹೊಟ್ಟೆಯದ್ದು, ಕುಡುಗೋಲಿನಂಥದ್ದು. ಗುಡಿಸಲು ಅಂದರೆ ಹತ್ತಿ ಕಟ್ಟಿಗೆ, ಎರಡು ಹೊಟ್ಟೆ ಅಂದರೆ ಎಣ್ಣೆ, ಕುಡುಗೋಲು ಅಂದರೆ ಗ್ಯಾಸು. ಅದನ್ನೇ ಚಿತ್ರ ಮಾಡಿ ಬರೆಸಿದೆವು.

ಈಗ ಹೆಬ್ಬೆಟ್ಟಿನ ಹಾಳೆಗೆ ಬರೋಣ. ಬೆಂಕಿಯ ಮರುದಿನ ಮ್ಯಾನೇಜರು ಆ ಹಾಳೆಯನ್ನು ತೆಗೆದು ಮೇಜಿನ ಮೇಲೆ ಇಟ್ಟ. ‘ಕನ್ನಡದಾಗ ಬರಸಿ ಹಚ್ಚೀವಿ. ಓದೀನಿ ಅಂತ ಸಹಿ ಮಾಡೀರಿ. ಇನ್ನ ನಮ್ಮ ಜವಾಬ್ದಾರಿ ಏನೈತಿ?’ ಮುಕ್ಕಾದಮನನ್ನು ಕೆಲಸದಿಂದ ತೆಗೆದರು. ಪುಡಿ ಹೊಡೆದದ್ದು ಅವನು, ಹೊಗೆಯಾಡುತ್ತಿದ್ದ ಅರಳೆಯನ್ನು ಗೋದಾಮಿಗೆ ತಳ್ಳಿಸಿದ್ದು ಅವನು, ಐಸೊಲೇಟ್ ಗುಂಡಿ ಒತ್ತಿದ್ದೂ ಅವನು. ಹೌದು, ಮೂರೂ ನಿಜ. ಧೂಳಿಗೆ ಸಲ್ಲದ ಡಿಟೆಕ್ಟರನ್ನು ಅಲ್ಲಿ ಹಾಕಿಸಿದವರು ಅವನಲ್ಲ. ನೀರಿನ ಸಿಲಿಂಡರುಗಳನ್ನು ಹತ್ತಿಯ ಹತ್ತಿರ ಇಡದೆ ಆಫೀಸಿನ ವರಾಂಡದಲ್ಲಿ ಸಾಲಾಗಿ ನಿಲ್ಲಿಸಿದವರು ಅವನಲ್ಲ. ಕೈಪಿಡಿ ಇಂಗ್ಲಿಷಿನಲ್ಲೇ ಇದ್ದಿದ್ದರೆ ‘ನನಗೆ ತಿಳೀಲಿಲ್ಲ ಸ್ವಾಮಿ’ ಅನ್ನುವ ಒಂದು ಮಾತಾದರೂ ಅವನಿಗೆ ಉಳಿಯುತ್ತಿತ್ತು. ನಮ್ಮ ಕನ್ನಡ ಆ ಮಾತನ್ನೂ ಕಿತ್ತುಕೊಂಡಿತು. ನಾವು ತಿಳಿವಳಿಕೆಯನ್ನು ಮೇಲಿನಿಂದ ಕೆಳಗೆ ಇಳಿಸುತ್ತಿದ್ದೇವೆ ಅಂದುಕೊಂಡಿದ್ದೆವು. ಇಳಿದದ್ದು ಹೊಣೆ.

ಹಾಗಾದರೆ ಇಂಗ್ಲಿಷಿನಲ್ಲೇ ಇರಲಿ ಅನ್ನೋಣವೇ? ನಮ್ಮಲ್ಲೊಬ್ಬ ಸಿಟ್ಟಿನಲ್ಲಿ ಹಾಗೇ ಅಂದ, ಇನ್ನು ಮುಂದೆ ಇಂಥ ಕೆಲಸ ಒಪ್ಪಬಾರದು, ಮಾಲೀಕರ ಕಡತಕ್ಕೆ ನಮ್ಮ ಭಾಷೆ ಕೊಡಬಾರದು ಅಂತ. ಒಂದು ರಾತ್ರಿಯೆಲ್ಲ ಜಗಳವಾಯಿತು. ಅವನ ಮಾತಿನಲ್ಲಿ ಕಾವಿತ್ತು, ಆದರೆ ಆ ಹಮಾಲನ ಅಂಗೈಗೆ ಅದರಿಂದ ಏನೂ ಸಿಗುವುದಿಲ್ಲ. ತಿಳಿಯದೆ ಸಾಯುವ ಹಕ್ಕನ್ನು ಯಾರೂ ಹಕ್ಕು ಅಂತ ಕರೆಯಲಾರರು. 1948ರ ಫ್ಯಾಕ್ಟರಿ ಕಾಯ್ದೆಯನ್ನು ತೆಗೆದು ನೋಡಿದೆವು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ಆದರೂ ಹಳೆಯದರ ಮಾತು ಕೇಳುವಂತಿದೆ. ಅದರ 108ನೇ ಕಲಮು ಸೂಚನೆಗಳು ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಅಂದಿತ್ತು. 38ನೇ ಕಲಮು ಬೆಂಕಿ ಬಿದ್ದರೆ ಪಾರಾಗುವ ದಾರಿ ಎಲ್ಲ ಕಾರ್ಮಿಕರಿಗೂ ಗೊತ್ತಿರಬೇಕು, ಆಗ ನಡೆದುಕೊಳ್ಳುವ ಕ್ರಮದಲ್ಲಿ ಅವರಿಗೆ ತರಬೇತಿ ಆಗಿರಬೇಕು ಅಂದಿತ್ತು. ಎಲ್ಲ ಕಾರ್ಮಿಕರು ಅಂದರೆ ಕಸ ಬಳಿಯುವವಳೂ ಸೇರಿ. ಹಾಳೆ ಅಂಟಿಸಿದರೆ ಮೊದಲನೆಯದು ಮುಗಿಯಬಹುದು. ಎರಡನೆಯದು ಹಾಳೆಯಿಂದ ಮುಗಿಯುವುದಿಲ್ಲ. ನಾವು ಮೊದಲನೆಯದನ್ನು ಮಾಡಿಕೊಟ್ಟು ಎರಡನೆಯದನ್ನು ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಿದ್ದೆವು.

ನಾವು ಮ್ಯಾನೇಜರ ಹತ್ತಿರ ಮತ್ತೆ ಹೋದೆವು. ದುಡ್ಡು ಬೇಡ, ಇನ್ನೊಂದು ಪ್ರತಿ ಬರೆದುಕೊಡುತ್ತೇವೆ, ಎರಡು ಮಾತು ನಡೆಸಿಕೊಡಬೇಕು ಅಂದೆವು. ಒಂದು, ‘ಓದಿ ಅರ್ಥ ಮಾಡಿಕೊಂಡಿದ್ದೇನೆ’ ಎಂಬ ಸಾಲು ತೆಗೆದು, ‘ನನ್ನ ಕೈಯಿಂದ ಸಿಲಿಂಡರು ನಡೆಸಿ ನೋಡಿದ್ದೇನೆ, ನಡೆಸಿ ತೋರಿಸಿದವರು ಇಂಥವರು’ ಎಂಬ ಸಾಲು ಹಾಕಬೇಕು, ಅದರ ಕೆಳಗೆ ತೋರಿಸಿದವರ ಸಹಿಯೂ ಇರಬೇಕು. ಇನ್ನೊಂದು, ಮತ್ತೆ ತುಂಬಿಸಲು ಕಳಿಸುವ ಹಳೆಯ ಸಿಲಿಂಡರುಗಳನ್ನು ಕಳಿಸುವ ಮುಂಚೆ ಅಂಗಳದಲ್ಲಿ ಎಲ್ಲರ ಕೈಯಿಂದ ಖಾಲಿ ಮಾಡಿಸಬೇಕು. ಹೇಗೂ ಖಾಲಿ ಮಾಡಿಯೇ ತುಂಬುತ್ತಾರೆ, ಖರ್ಚೇನೂ ಹೆಚ್ಚಿಲ್ಲ. ಎರಡನೆಯದಕ್ಕೆ ಒಪ್ಪಿದ. ಮೊದಲನೆಯದಕ್ಕೆ ‘ನೋಡೋಣ’ ಅಂದ. ಇನ್ನೂ ನೋಡುತ್ತಲೇ ಇದ್ದಾನೆ. ಮುಕ್ಕಾದಮನ ಮಾತು ಎತ್ತಿದೆವು, ಎದ್ದು ಹೋದ.

ಅಂಗಳದ ದಿನ ಇಂಗ್ಲಿಷಿನ ನಾಲ್ಕು ಪದಗಳಿಗೆ ಕನ್ನಡ ಸಿಕ್ಕಿತು. ಪಿನ್ನು ಕೀಳು, ಬುಡಕ್ಕೆ ಗುರಿ ಹಿಡಿ, ಹಿಡಿಕೆ ಒತ್ತು. ನಾಲ್ಕನೆಯದು ಸ್ವೀಪ್. ನಾವು ‘ಅತ್ತಿಂದಿತ್ತ ಚಲಿಸಿ’ ಅಂತ ಬರೆದಿದ್ದೆವು. ಗಂಡಸರು ಸಿಲಿಂಡರು ಹಿಡಿದು ಉರಿಯ ತುದಿಗೆ ಹೊಡೆದರು. ಉರಿಯ ತುದಿಗೆ ಹೊಡೆದರೆ ಪುಡಿ ಗಾಳಿಗೆ ಹೋಗುತ್ತದೆ. ಒಬ್ಬ ಮಾತ್ರ ಬುಡಕ್ಕೆ ಹಿಡಿದ, ಆದರೆ ಒಂದೇ ಕಡೆ ಹಿಡಿದು ನಿಂತ. ಆಗ ನಮ್ಮಲ್ಲೊಬ್ಬನ ಬಾಯಿಂದ ‘ಗುಡಿಸ್ರಿ, ಕಸ ಗುಡಿಸಿದಂಗ ಗುಡಿಸ್ರಿ’ ಅಂತ ಬಂತು. ಗಂಡಸರು ನಕ್ಕರು. ನೆಲ ಬಳಿಯುವ ದೊಡ್ಡವ್ವ ಮುಂದೆ ಬಂದಳು. ಹೆಬ್ಬೆಟ್ಟು ಒತ್ತಿದವಳು ಅವಳೇ. ಸೆರಗು ಸಿಕ್ಕಿಸಿ, ಸಿಲಿಂಡರಿನ ಕೊಳವೆಯನ್ನು ಪೊರಕೆ ಹಿಡಿದಂತೆ ಹಿಡಿದು, ಬೆಂಕಿಯ ಮುಂದಿನ ಅಂಚಿನಿಂದ ಶುರು ಮಾಡಿ, ನೆಲ ಬಿಡದೆ, ಎಡಕ್ಕೆ ಬಲಕ್ಕೆ, ಒಂದೊಂದು ಹೆಜ್ಜೆ ಮುಂದಿಡುತ್ತಾ ಗುಡಿಸಿಕೊಂಡು ಹೋದಳು. ಉರಿ ಅವಳ ಮುಂದೆ ಹಿಂದೆ ಸರಿಯುತ್ತಾ ಹೋಗಿ ಆರಿತು. ಅವಳ ಕೈಗೆ ಅದು ಹೊಸದಾಗಿರಲಿಲ್ಲ, ಐವತ್ತು ವರ್ಷದ ಕೆಲಸ.

‘ಆತೇನ್ರೀ?’ ಅಂತ ನಮ್ಮ ಕಡೆ ತಿರುಗಿದಳು. ಇಲ್ಲ ಯವ್ವಾ, ಮೇಲಷ್ಟೇ ಆರೈತಿ, ಒಳಗ ಕೆಂಡ ಐತಿ, ಇನ್ನ ನೀರು ಬೇಕು ಅಂದೆವು. ಕೊಡ ತರಲು ಹೋದಳು.